ಒಂದು ದೀರ್ಘದ ಪ್ರಶ್ನೆ

ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ಓಲೆಯ ಕಟ್ಟನ್ನು ನವರಾತ್ರಿಯಲ್ಲಿ ಸರಸ್ವತೀಪೂಜೆಗೆ ಇಡುವ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಅದನ್ನು ಬರೆದ ಕೈ ಯಾವುದೆಂದು ನಾವು ಕೇಳುವುದು ವಿರಳ. ಅಂಥ ಕೈಯೊಂದರ ಕಥೆಯನ್ನು ಇಲ್ಲಿ ಕಲ್ಪಿಸಿಕೊಳ್ಳೋಣ.

ತುಳುನಾಡಿನ ಒಂದು ಮನೆಯ ಜಗಲಿ. ವೃದ್ಧ ಲಿಪಿಕಾರರೊಬ್ಬರು ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯವನ್ನು ಹಳೆಯ ಓಲೆಯಿಂದ ಹೊಸ ಓಲೆಗೆ ಇಳಿಸುತ್ತಿದ್ದಾರೆ. ಲಿಪಿ ತುಳು, ಕೈಯಲ್ಲಿ ಕಬ್ಬಿಣದ ಕಂಟ. ಕಂಟದಿಂದ ಬರೆದುದೆಂದರೆ ಕೊರೆದುದೇ ಸರಿ, ಅಳಿಸುವ ಮಾತಿಲ್ಲ. ಮಸಿ ತೀಡುವವರೆಗೆ ಅಕ್ಷರ ಸರಿಯಾಗಿ ಕಾಣುವುದೂ ಇಲ್ಲ. ಉದ್ದಾಲಕರು ಮಗನಾದ ಶ್ವೇತಕೇತುವಿಗೆ ನೀರಿನಲ್ಲಿ ಕರಗಿದ ಉಪ್ಪಿನ ದೃಷ್ಟಾಂತವನ್ನು ಹೇಳುವ ಭಾಗಕ್ಕೆ ಬಂದಾಗ ಅವರ ಕೈ ನಿಂತಿತು. ಮೂಲದ ಓಲೆಯಲ್ಲಿ ‘ಆತ್ಮಾ’ ಎಂದಿರಬೇಕಾದಲ್ಲಿ ‘ಆತ್ಮ’ ಎಂದಿತ್ತು. ಅಕ್ಷರದ ಬಲಮಗ್ಗುಲಿಗೆ ನಿಲ್ಲಬೇಕಾದ ದೀರ್ಘದ ಗುರುತು ಇರಲಿಲ್ಲ.

ತಪ್ಪು ಹೇಗೆ ನುಸುಳಿತೆಂದು ಊಹಿಸುವುದು ಕಷ್ಟವಲ್ಲ. ಓಲೆಯಲ್ಲಿ ಪದಗಳ ನಡುವೆ ಅಂತರವಿಲ್ಲ. ‘ಆತ್ಮತತ್ತ್ವ’ ಎಂಬುದು ಬಾಯಿಗೆ ಪಳಗಿದ ಸಮಾಸ. ಹಿಂದಿನ ಲಿಪಿಕಾರನ ಮನಸ್ಸು ಓಲೆಯನ್ನು ಬಿಟ್ಟು ತನಗೆ ಗೊತ್ತಿದ್ದ ಪದವನ್ನು ಬರೆಸಿತು. ಅರ್ಥವಿಲ್ಲದ ತಪ್ಪನ್ನು ಯಾರಾದರೂ ಹಿಡಿಯುತ್ತಾರೆ. ಅರ್ಥವಿರುವಂತೆ ತೋರುವ ತಪ್ಪು ನೂರು ವರ್ಷ ಬದುಕುತ್ತದೆ.

ನಮಗಂತೂ ಆ ಒಂದು ಮಾತ್ರೆ ಸಣ್ಣದಲ್ಲ. ‘ಆತ್ಮಾ’ದ ಮುಂದೆ ‘ತತ್’ ಎಂದು ಬಿಡಿಸಿದರೂ, ‘ಅತತ್’ ಎಂದು ಬಿಡಿಸಿದರೂ ಸಂಧಿಯಲ್ಲಿ ಅಕ್ಷರಗಳು ಒಂದೇ. ಶ್ರೀಮದಾಚಾರ್ಯರು ‘ಅತತ್’ ಎಂಬ ಪದಚ್ಛೇದವನ್ನು ತೋರಿಸಿ, ಜೀವನು ಆ ಪರಮಾತ್ಮನಲ್ಲವೆಂಬ ಅರ್ಥವನ್ನು ವಿಷ್ಣುತತ್ತ್ವವಿನಿರ್ಣಯದಲ್ಲಿ ಸಾಧಿಸಿದರು. ಆ ಅಕಾರವು ಅಡಗಿರುವುದು ಈ ದೀರ್ಘದೊಳಗೆ. ದೀರ್ಘ ಹೋದರೆ ಅಕಾರಕ್ಕೆ ನೆಲೆಯಿಲ್ಲ. ಅದ್ವೈತಿಗಳ ಪದಚ್ಛೇದಕ್ಕೂ ಅಲ್ಲಿ ಸ್ಥಳವಿಲ್ಲ.

ಬಳಿಯಲ್ಲಿ ಕುಳಿತು ಓಲೆಗೆ ಮಸಿ ತೀಡುತ್ತಿದ್ದ ಮೊಮ್ಮಗನು ಕೇಳಿದನು: “ಅಜ್ಜ, ತಪ್ಪೆಂದು ತಿಳಿದ ಮೇಲೆ ತಿದ್ದಿ ಬರೆದರೆ ಮುಗಿಯಿತಲ್ಲವೇ?”

“ತಪ್ಪೆಂದು ಹೇಳಿದವರು ಯಾರು? ನನ್ನ ನೆನಪು. ಇದನ್ನು ಬರೆದವನಿಗೂ ನೆನಪೇ ಮೋಸ ಮಾಡಿತು, ಮಗು.”

ಅವರು ಕಟ್ಟನ್ನು ಬಿಚ್ಚಿದರು. ಆ ಉಪದೇಶವಾಕ್ಯವು ಅಧ್ಯಾಯದಲ್ಲಿ ಒಂಬತ್ತು ಬಾರಿ ಬರುತ್ತದೆ, ಉಪ್ಪಿನದು ಆರನೆಯದು. ಜೇನು, ನದಿ, ವೃಕ್ಷ, ಆಲದ ಬೀಜ ಎಂದು ಒಂದೊಂದೇ ಗರಿಯನ್ನು ತಿರುವಿ ನೋಡಿದರು. ಉಳಿದ ಎಂಟು ಕಡೆಗಳಲ್ಲಿಯೂ ದೀರ್ಘವಿತ್ತು. ಈಗ ಸಾಕ್ಷಿ ನೆನಪಿನದಷ್ಟೇ ಅಲ್ಲ, ಅದೇ ಓಲೆಯದು. ಒಂದೇ ಬಾರಿ ಬರುವ ಮಾತಾಗಿದ್ದರೆ ಈ ಅನುಕೂಲವಿರಲಿಲ್ಲ. ಬೇರೊಂದು ಪ್ರತಿಯನ್ನೋ ಪಾಠ ಹೇಳಿಕೊಂಡ ವೈದಿಕರನ್ನೋ ಹುಡುಕಿ ಹೋಗಬೇಕಿತ್ತು.

ಆದರೂ ಅವರು ಸದ್ದಿಲ್ಲದೆ ತಿದ್ದಲಿಲ್ಲ. ಇದು ಅತಿಯಾದ ಮಡಿವಂತಿಕೆಯೆಂದು ನಮ್ಮಲ್ಲಿ ಕೆಲವರಿಗೆ ತೋರಬಹುದು. ಶ್ರುತಿಯ ತಪ್ಪನ್ನು ಅರಿತೂ ಮುಂದಿನವರ ಬಾಯಿಗೆ ದಾಟಿಸುವುದು ದೋಷವೇ, ಹಾಗೆ ಬಿಡುವಂತಿಲ್ಲ. ಆದರೆ ಗುರುತಿಲ್ಲದ ತಿದ್ದುಪಡಿಯು ಓದುವವನಿಂದ ಪರೀಕ್ಷಿಸುವ ಅಧಿಕಾರವನ್ನು ಕಿತ್ತುಕೊಳ್ಳುತ್ತದೆ. ಮಹಾಭಾರತತಾತ್ಪರ್ಯನಿರ್ಣಯದ ಎರಡನೆಯ ಅಧ್ಯಾಯದ ಮೊದಲಲ್ಲಿ ಆಚಾರ್ಯರು ಗ್ರಂಥಗಳು ಕೆಡುವ ಬಗೆಯನ್ನು ಹೇಳಿದ್ದಾರೆ: ಕೆಲವರು ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ, ಕೆಲವರು ಹಿಂದುಮುಂದು ಮಾಡುತ್ತಾರೆ, ಕೆಲವೆಡೆ ಎಚ್ಚರ ತಪ್ಪಿ ಬೇರೆಯೇ ಆಗುತ್ತದೆ. ಸೇರಿಸಿದವರಲ್ಲಿ ಎಷ್ಟು ಮಂದಿ ತಾವು ತಿದ್ದುತ್ತಿರುವೆವೆಂದೇ ನಂಬಿದ್ದರೋ!

ವೃದ್ಧರು ಕಂಡಂತೆಯೇ ‘ಆತ್ಮ’ ಎಂದು ಕೊರೆದರು. ಮೇಲೆ ಹಂಸಪಾದದ ಗುರುತನ್ನಿಟ್ಟು, ಗರಿಯ ಅಂಚಿನಲ್ಲಿ ದೀರ್ಘವನ್ನೂ ಸಾಲಿನ ಸಂಖ್ಯೆಯನ್ನೂ ಬರೆದರು.

ಮೊಮ್ಮಗನಿಗೆ ಉತ್ಸಾಹ ಬಂತು. “ಹೇಗೂ ಗುರುತು ಹಾಕಿದಿರಿ. ಅಲ್ಲಿಯೇ ಅವಗ್ರಹವನ್ನೂ ಇಟ್ಟುಬಿಡಿ ಅಜ್ಜ. ‘ಅತತ್’ ಎಂದು ಎಲ್ಲರಿಗೂ ಕಾಣಲಿ. ಅದು ನಮ್ಮ ಆಚಾರ್ಯರ ಮಾತೇ ಅಲ್ಲವೇ?”

ನಮ್ಮ ದೃಷ್ಟಿಯಲ್ಲಿ ಕಥೆಯ ಕಠಿಣ ಸ್ಥಳ ಇದು. ಮೊದಲ ತಿದ್ದುಪಡಿಯಲ್ಲಿ ವೃದ್ಧರಿಗೆ ಲಾಭವಿರಲಿಲ್ಲ, ಇದರಲ್ಲಿ ಇದೆ. ಇಲ್ಲಿ ಅವರ ಭಕ್ತಿಯೇ ಕೈಯನ್ನು ಎಳೆಯುತ್ತದೆ. ಅವರ ಕಂಟ ಕ್ಷಣಕಾಲ ಓಲೆಯ ಮೇಲೆಯೇ ನಿಂತಿತೆಂದು ನಾವು ಒಪ್ಪಿಕೊಳ್ಳಬೇಕು.

“ಆ ಎಂಟು ಕಡೆಗಳಲ್ಲಿ ಅವಗ್ರಹವಿದೆಯೇ, ನೋಡು” ಎಂದರು.

“ಇಲ್ಲ.”

“ಆಚಾರ್ಯರು ಅಕ್ಷರವನ್ನು ಮುಟ್ಟದೆ ಅರ್ಥವನ್ನು ತೋರಿಸಿದರು. ನಾನು ಇಲ್ಲಿ ಗೆರೆ ಎಳೆದರೆ, ನಾಳೆ ಪ್ರತಿವಾದಿಯು ಈ ಗರಿಯನ್ನೆತ್ತಿ, ಮಾಧ್ವರು ಮೂಲವನ್ನೇ ತಿದ್ದಿಕೊಂಡರು ಎನ್ನುತ್ತಾನೆ. ಆಗ ಅವನದು ಸುಳ್ಳಾಗುವುದಿಲ್ಲವಲ್ಲ, ಮಗು. ಅದು ಭಾಷ್ಯದ ಓಲೆಯಲ್ಲಿರಲಿ. ಇದು ಮೂಲದ ಓಲೆ.”

ಹುಡುಗನಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಅವನು ಮಸಿಯ ಬಟ್ಟೆಯನ್ನೆತ್ತಿ ಗರಿಯ ಮೇಲೆ ತೀಡಿದನು. ಸಾಲುಗಳು ಕಪ್ಪಾಗಿ ಎದ್ದವು. ‘ಆತ್ಮ’, ಅದರ ಮೇಲೆ ಹಂಸಪಾದ, ಅಂಚಿನಲ್ಲಿ ಒಂಟಿಯಾಗಿ ನಿಂತ ದೀರ್ಘ. ವೃದ್ಧರು ಗರಿಯನ್ನು ಬೆಳಕಿಗೆ ಹಿಡಿದು ನೋಡಿ, ಜೋಡಿಸಿಟ್ಟ ಗರಿಗಳ ಮೇಲಿರಿಸಿ, ಗಾಂಧಾರದೇಶದವನ ದೃಷ್ಟಾಂತಕ್ಕೆ ಹೊಸ ಗರಿಯನ್ನು ತೆಗೆದುಕೊಂಡರು.