ಸಂಕ್ಷೇಪವೂ ಸತ್ಯವೂ

ಸ್ಮರಣಸಭೆಯಲ್ಲಿ ಭಾಷಣಕ್ಕೆ ಐದೇ ನಿಮಿಷ. ಸಾವಧಾನವಾಗಿ ಓದಿದರೆ ಆ ಅವಧಿಯಲ್ಲಿ ಸುಮಾರು 400 ಪದಗಳು ಮಾತ್ರ ಹಿಡಿಯುವುವು. ಬರಹದಲ್ಲಾದರೋ 900 ಪದಗಳೂ ಮೂರು ಕಥೆಗಳೂ ಇವೆಯೆಂದಿಟ್ಟುಕೊಳ್ಳಿ: ದಿವಂಗತ ಉಪಾಧ್ಯಾಯರ ವಿನೋದ, ಅವರು ಬಡ ವಿದ್ಯಾರ್ಥಿಗೆ ಅನ್ನವಿತ್ತುದು, ನಿರಪರಾಧಿಯಾದ ಬಾಲಕನನ್ನು ಹೊಡೆದು ಮರುದಿನ ತರಗತಿಯ ಮುಂದೆ ಕ್ಷಮೆ ಬೇಡಿದುದು. ಭಾಷಣಕಾರನು ಮೂರನ್ನೂ ಮೊಟಕುಮಾಡಿ ಉಳಿಸಲೆಳಸುವನು. ಆಗ ಮೊದಲು ಅಳಿಸಿಹೋಗುವುದು ಆ ಪೆಟ್ಟೇ. ಪೆಟ್ಟನ್ನು ಹೇಳದಿದ್ದರೆ ಕ್ಷಮಾಯಾಚನೆಯು ಬರಿಯ ಸೌಜನ್ಯವಾಗಿ ತೋರುವುದು. ಇಂತಹ ಸಂಕ್ಷೇಪವು ಅಸತ್ಯಕ್ಕೆ ಸಮಾನ. ವಿನೋದವು ಬೇರೊಬ್ಬರಿಗೂ ಒಪ್ಪುವಂತಹುದು. ಅನ್ನದಾನವನ್ನು ಸಭೆಯವರೆಲ್ಲ ಬಲ್ಲರು. ಆ ಎರಡನ್ನೂ ಇಡಿಯಾಗಿ ಬಿಟ್ಟು, ಮೂರನೆಯದನ್ನು ಪೂರ್ಣವಾಗಿ ಹೇಳುವುದೇ ನ್ಯಾಯ. ಬಿಟ್ಟ ಕಥೆಯಿಂದ ಯಾರೂ ಮೋಸಹೋಗರು. ಮುರಿದ ಕಥೆಯಿಂದ ಕೇಳಿದವರೆಲ್ಲರೂ ಮೋಸಹೋಗುವರು.