ಒಂದು ತಟ್ಟು, ಎರಡು ಉತ್ತರ

ತೋಳಿನಲ್ಲಿ ಬಲವಿಲ್ಲ ಎಂದು ಬಂದವರ ತೋಳನ್ನು ವೈದ್ಯರು ಅದುಮಿ, ಎಳೆದು ನೋಡುತ್ತಾರೆ. ಆ ಪರೀಕ್ಷೆಯಿಂದ ತಿಳಿಯುವುದು ಬಹುಮಟ್ಟಿಗೆ ರೋಗಿಗೆ ಮೊದಲೇ ಗೊತ್ತಿದ್ದ ಸಂಗತಿ: ಬಲ ಕುಂದಿದೆ. ಯಾಕೆ ಕುಂದಿತು, ಎಲ್ಲಿ ಕೆಟ್ಟಿತು ಎಂಬುದು ತಿಳಿಯಬೇಕಾದರೆ ರೋಗಿ ಬೇಕೆಂದು ಮಾಡುವ ಚಲನೆಯನ್ನಷ್ಟೇ ನೋಡಿದರೆ ಸಾಲದು. ಅವನ ಅನುಮತಿಯನ್ನೇ ಕೇಳದೆ ದೇಹ ಮಾಡಿಬಿಡುವ ಚಲನೆಯನ್ನು ನೋಡಬೇಕು. ರಬ್ಬರಿನ ಸುತ್ತಿಗೆಯಿಂದ ಮೊಣಕಾಲ ಕೆಳಗೆ ತಟ್ಟುವುದು ಇದಕ್ಕಾಗಿ. ಇಚ್ಛೆ ಸೋತ ಕಡೆ ಏನಾಗಿದೆ ಎಂದು ತಿಳಿಯಲು ಇಚ್ಛೆಯ ಹಂಗಿಲ್ಲದ್ದನ್ನು ವಿಚಾರಿಸುವ ಈ ಕ್ರಮ ಯೋಚಿಸಿದಷ್ಟೂ ವಿಚಿತ್ರವಾಗಿ ಕಾಣುತ್ತದೆ.

ತೋಳನ್ನು ಎತ್ತಬೇಕೆಂಬ ಅಪ್ಪಣೆ ಮೆದುಳಿನಿಂದ ಸ್ನಾಯುವಿಗೆ ನೇರವಾಗಿ ಹೋಗುವುದಿಲ್ಲ. ದಾರಿಯಲ್ಲಿ ಮುಖ್ಯವಾಗಿ ಎರಡು ನರಕೋಶಗಳಿವೆ. ಮೊದಲನೆಯದು ಮೆದುಳಿನ ಹೊರಪದರದಲ್ಲಿ ಹುಟ್ಟಿ, ಮೆದುಳಿನ ಕಾಂಡದ ತಳದಲ್ಲಿ ಬಹುಪಾಲು ಎದುರು ಬದಿಗೆ ದಾಟಿ, ಬೆನ್ನುಹುರಿಯ ಪಕ್ಕದ ಭಾಗದಲ್ಲಿ ಕೆಳಗಿಳಿಯುತ್ತದೆ. ಇದು ಮೇಲಿನ ಮೋಟಾರ್ ನ್ಯೂರಾನ್. ಅದು ಬಂದು ಮುಟ್ಟುವುದು ಬೆನ್ನುಹುರಿಯ ಮುಂಭಾಗದಲ್ಲಿರುವ ಎರಡನೆಯ ಕೋಶವನ್ನು. ಈ ಕೆಳಗಿನ ಮೋಟಾರ್ ನ್ಯೂರಾನ್‌ನ ತಂತು ಬೆನ್ನುಹುರಿಯಿಂದ ಹೊರಬಿದ್ದು ಸ್ನಾಯುವಿನವರೆಗೆ ಹೋಗುತ್ತದೆ. ಎರಡರಲ್ಲಿ ಯಾವುದು ಹಾಳಾದರೂ ತೋಳು ಏಳದು. ಆದರೆ ಏಳದ ತೋಳುಗಳೆರಡೂ ಒಂದೇ ಥರ ಇರುವುದಿಲ್ಲ.

ಕೆಳಗಿನ ಕೋಶ ಸತ್ತರೆ ಸ್ನಾಯು ಅನಾಥವಾಗುತ್ತದೆ. ಅದಕ್ಕೆ ಅಪ್ಪಣೆಯಷ್ಟೇ ಅಲ್ಲ, ತನ್ನ ಗಾತ್ರ ಉಳಿಸಿಕೊಳ್ಳಲು ಬೇಕಾದ ಪೋಷಣೆಯೂ ಆ ನರದಿಂದಲೇ ಬರುತ್ತಿತ್ತು. ಹಾಗಾಗಿ ವಾರಗಳು ಕಳೆದಂತೆ ಮಾಂಸ ಕರಗುತ್ತದೆ, ಹಿಡಿದರೆ ಸಡಿಲವಾಗಿರುತ್ತದೆ, ಸುತ್ತಿಗೆಯಿಂದ ತಟ್ಟಿದರೆ ಅಲುಗುವುದಿಲ್ಲ. ಕೆಲವೊಮ್ಮೆ ಚರ್ಮದಡಿ ಸ್ನಾಯುವಿನ ಸಣ್ಣ ಸಣ್ಣ ಕಟ್ಟುಗಳು ತಾವಾಗಿ ಅದುರುತ್ತವೆ. ಸಾಯುತ್ತಿರುವ ನರಕೋಶ ಯಾರೂ ಹೇಳದೆ ಕಳಿಸುವ ಸಂಕೇತಗಳವು. ಇನ್ನೊಂದು ಸಂಗತಿಯೂ ಇದೆ. ನೆರೆಯ ಕೋಶಗಳು ಹೊಸ ಕವಲೊಡೆದು ಅನಾಥ ತಂತುಗಳನ್ನು ತಮ್ಮದಾಗಿಸಿಕೊಳ್ಳುತ್ತವೆ. ನಷ್ಟ ನಿಧಾನವಾಗಿದ್ದರೆ ಎಷ್ಟೋ ಕೋಶಗಳು ಹೋದ ಮೇಲೆಯೇ ಬಲ ಕುಂದಿದ್ದು ಗೊತ್ತಾಗುವುದು ಇದರಿಂದ.

ಮೇಲಿನ ಕೋಶ ಕೆಟ್ಟರೆ ಚಿತ್ರ ತಿರುಗುಮುರುಗು. ಕೆಳಗಿನ ಕೋಶ ಜೀವಂತವಾಗಿರುವುದರಿಂದ ಸ್ನಾಯು ಬಳಕೆ ತಪ್ಪಿ ಸ್ವಲ್ಪ ಇಳಿಯಬಹುದೇ ಹೊರತು ಕರಗಿಹೋಗುವುದಿಲ್ಲ. ಅಂಗ ಸಡಿಲವಾಗುವ ಬದಲು ಬಿಗಿಯಾಗುತ್ತದೆ. ಬೇಗ ಎಳೆದಷ್ಟೂ ಹೆಚ್ಚು ತಡೆಯುತ್ತದೆ. ಮೊಣಕಾಲಿಗೆ ತಟ್ಟಿದರೆ ಕಾಲು ಜಿಗಿಯುತ್ತದೆ. ಪಾದವನ್ನು ಥಟ್ಟನೆ ಮೇಲಕ್ಕೆ ಒತ್ತಿ ಹಿಡಿದರೆ ಅದು ಲಯಬದ್ಧವಾಗಿ ಕುಣಿಯತೊಡಗುತ್ತದೆ. ಅಂಗಾಲಿನ ಹೊರ ಅಂಚನ್ನು ಹಿಮ್ಮಡಿಯಿಂದ ಮುಂದಕ್ಕೆ ಗೀರಿದರೆ ಕೆಳಕ್ಕೆ ಬಾಗಬೇಕಾದ ಹೆಬ್ಬೆರಳು ಮೇಲಕ್ಕೇಳುತ್ತದೆ. ಈ ಕೊನೆಯದನ್ನು ಜೋಸೆಫ್ ಬಾಬಿನ್ಸ್ಕಿ 1896ರಲ್ಲಿ ಪ್ಯಾರಿಸ್ಸಿನಲ್ಲಿ ಪುಟ್ಟದೊಂದು ಟಿಪ್ಪಣಿಯಲ್ಲಿ ಹೇಳಿದರು. ಎಳೆಗೂಸಿನಲ್ಲಿ ಇದು ಸಹಜ. ಮೆದುಳಿನಿಂದ ಇಳಿಯುವ ದಾರಿ ಬಲಿತಂತೆ, ಸುಮಾರು ಒಂದು ವರ್ಷದ ಹೊತ್ತಿಗೆ, ಮರೆಯಾಗುತ್ತದೆ. ಮರೆಯಾಗುತ್ತದೆ, ಅಳಿಯುವುದಿಲ್ಲ. ದಾರಿ ಕೆಟ್ಟಾಗ 60 ವರ್ಷದವರ ಕಾಲಿನಲ್ಲೂ ಅದು ಮರಳಿ ಬರುತ್ತದೆ.

ಕಳೆದುಕೊಂಡಾಗ ಏನಾದರೂ ಹೆಚ್ಚಾಗುವುದು ಹೇಗೆ? ಈ ಪ್ರಶ್ನೆಯನ್ನು ಆಳವಾಗಿ ಯೋಚಿಸಿದವರು ಲಂಡನ್ನಿನ ವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್. ನರಮಂಡಲ ಅಂತಸ್ತುಗಳಾಗಿ ಕಟ್ಟಲ್ಪಟ್ಟಿದೆ, ಮೇಲಿನದು ಕೆಳಗಿನದನ್ನು ನಡೆಸುವುದರ ಜೊತೆಗೆ ತಡೆದೂ ಇಟ್ಟಿರುತ್ತದೆ ಎಂದು ಅವರು 1884ರ ತಮ್ಮ ಉಪನ್ಯಾಸಗಳಲ್ಲಿ ವಾದಿಸಿದರು. ಮೇಲಿನದು ಹೋದರೆ ಅದರ ಕೆಲಸ ನಿಲ್ಲುತ್ತದೆ, ಅದು ಕೊರತೆ. ಅದು ತಡೆದಿಟ್ಟದ್ದು ಬಿಡುಗಡೆಯಾಗುತ್ತದೆ, ಅದು ಅತಿರೇಕ. ಮೆದುಳಿನಿಂದಿಳಿಯುವ ಹಲವು ದಾರಿಗಳಲ್ಲಿ ಯಾವುದು ಎಷ್ಟು ಬಿಗಿತಕ್ಕೆ ಕಾರಣ ಎಂಬ ವಿವರಗಳು ಆಮೇಲೆ ಜಟಿಲವಾದವು. ಆದರೆ ಜಾಕ್ಸನ್ ಮಾತಿನ ತಿರುಳು ನಿಂತಿದೆ: ಜಿಗಿಯುವ ಕಾಲಿನಲ್ಲಿ ಜಿಗಿಯುತ್ತಿರುವುದು ಕೆಟ್ಟ ಭಾಗವಲ್ಲ, ಕೆಡದೆ ಉಳಿದ ಭಾಗ. ಕೆಟ್ಟ ಭಾಗ ಬೇರೆಲ್ಲೋ ಮೌನವಾಗಿದೆ. ನಾವು ಕಾಣುವ ರೋಗಲಕ್ಷಣದ ಅರ್ಧ ಪಾಲು ಆರೋಗ್ಯವಂತ ಭಾಗದ ಕೆಲಸ.

ಮೇಲಿನ, ಕೆಳಗಿನ ಕೋಶಗಳೆರಡರ ಚಿಹ್ನೆಗಳೂ ಒಬ್ಬನಲ್ಲೇ ಸೇರಿದಾಗ ಏನಾಗುತ್ತದೆ ಎಂದು ನೋಡೋಣ. 55 ವರ್ಷದ ಒಬ್ಬ ಪೇಂಟರ್ ಇದ್ದಾನೆ ಎಂದಿಟ್ಟುಕೊಳ್ಳಿ. ಕೆಲವು ತಿಂಗಳಿಂದ ಬ್ರಷ್ ಹಿಡಿದು ಬಲಗೈಯನ್ನು ಛಾವಣಿಯತ್ತ ಎತ್ತಲಾಗುತ್ತಿಲ್ಲ. ಭುಜದ ದುಂಡು ಇಳಿದಿದೆ, ತೋಳಿನ ಮುಂಭಾಗದ ಮಾಂಸ ಕರಗಿದೆ. ಅವನ ದೂರೆಲ್ಲ ತೋಳಿನದೇ. ಕಾಲು ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಅನ್ನುತ್ತಾನೆ. ಇನ್ನಷ್ಟು ಕೇಳಿದ ಮೇಲೆ, ನಡೆಯುವಾಗ ಒಂದೊಂದು ಸಲ ಚಪ್ಪಲಿ ಕಳಚಿಕೊಂಡಿದ್ದು ಗೊತ್ತೇ ಆಗುವುದಿಲ್ಲ, ಏಣಿ ಹತ್ತಲು ಯಾಕೋ ಧೈರ್ಯ ಬರುತ್ತಿಲ್ಲ ಅನ್ನುತ್ತಾನೆ.

ಭುಜ ಎತ್ತುವ, ಮೊಣಕೈ ಮಡಿಸುವ ಸ್ನಾಯುಗಳಿಗೆ ನರ ಬರುವುದು ಕುತ್ತಿಗೆಯ ಐದು ಮತ್ತು ಆರನೆಯ ಮಟ್ಟದಿಂದ. ಮೊಣಕೈ ಮಡಿಕೆಯಲ್ಲಿ ತಟ್ಟಿದರೆ ತೋಳು ಅಲುಗುವುದಿಲ್ಲ. ಇಷ್ಟಕ್ಕೇ ನಿಂತರೆ ಕೆಳಗಿನ ಕೋಶದ, ಅಥವಾ ಅದರ ಬೇರಿನ ತೊಂದರೆ ಅನ್ನಬಹುದು. ಆದರೆ ಮೊಣಕೈಯ ಹಿಂದೆ, ಏಳನೆಯ ಮಟ್ಟದ ಸ್ನಾಯುವಿಗೆ ತಟ್ಟಿದರೆ ತೋಳು ಚುರುಕಾಗಿ ಚಾಚಿಕೊಳ್ಳುತ್ತದೆ. ಮೊಣಕಾಲು ಜಿಗಿಯುತ್ತದೆ, ಅಂಗಾಲು ಗೀರಿದರೆ ಹೆಬ್ಬೆರಳು ಮೇಲೇಳುತ್ತದೆ. ಅವನು ಚೆನ್ನಾಗಿದೆ ಎಂದ ಕಾಲಿನಲ್ಲೂ ಮೇಲಿನ ದಾರಿ ಕೆಟ್ಟಿದೆ.

ಇನ್ನುಳಿದದ್ದು ಒಂದು ತಟ್ಟು. ಮುಂಗೈಯ ಹೆಬ್ಬೆರಳಿನ ಬದಿಯಲ್ಲಿ, ಮಣಿಕಟ್ಟಿಗಿಂತ ಸ್ವಲ್ಪ ಮೇಲೆ ಸುತ್ತಿಗೆ ತಾಗಿಸಿದರೆ ಸಾಮಾನ್ಯರಲ್ಲಿ ಮೊಣಕೈ ಕೊಂಚ ಮಡಿಯುತ್ತದೆ. ಇವನಲ್ಲಿ ಮೊಣಕೈ ಸುಮ್ಮನಿದೆ. ಅದರ ಬದಲು ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ತಲೆಕೆಳಗಾದ ರಿಫ್ಲೆಕ್ಸ್ ಎಂದು ಇದನ್ನು ಕರೆಯುತ್ತಾರೆ. ಮೊಣಕೈ ಮಡಿಸುವ ಸರ್ಕೀಟು ಐದು, ಆರನೆಯ ಮಟ್ಟದ್ದು. ಅಲ್ಲಿ ಕೆಳಗಿನ ಕೋಶವೇ ಹಾಳಾಗಿರುವುದರಿಂದ ಉತ್ತರವಿಲ್ಲ. ಬೆರಳು ಮಡಿಸುವ ಸರ್ಕೀಟು ಅದಕ್ಕಿಂತ ಕೆಳಗೆ, ಎಂಟನೆಯ ಮಟ್ಟದಲ್ಲಿದೆ. ಅದು ಕೆಟ್ಟಿಲ್ಲ, ಆದರೆ ಮೇಲಿನ ಹಿಡಿತ ತಪ್ಪಿದೆ. ತಟ್ಟಿನ ಕಂಪನ ಅಲ್ಲಿಗೆ ತಲುಪಿದ್ದೇ ಸಾಕು, ತನ್ನದಲ್ಲದ ಪ್ರಶ್ನೆಗೆ ತಾನೇ ಉತ್ತರಿಸಿಬಿಡುತ್ತದೆ. ಬೆನ್ನುಹುರಿ ಎಲ್ಲಿ ಒತ್ತಡಕ್ಕೆ ಸಿಕ್ಕಿದೆಯೋ ಅಲ್ಲಿ ಕೆಳಗಿನ ಕೋಶದ ಮೌನ, ಅದರ ಕೆಳಗೆಲ್ಲ ಮೇಲಿನ ಕೋಶದ ಅತಿರೇಕ. ಎರಡರ ಗಡಿ ಎಲ್ಲಿದೆಯೋ ರೋಗವಿರುವುದು ಅಲ್ಲಿ.

ಆದರೆ ಇದೇ ಜೋಡಿ ಇನ್ನೊಂದು ಭಯವನ್ನೂ ತರುತ್ತದೆ. ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ನರವೈದ್ಯ ಷಾರ್ಕೊ, ಬದುಕಿದ್ದಾಗ ತಾವು ಪರೀಕ್ಷಿಸಿದವರ ಬೆನ್ನುಹುರಿಯನ್ನು ಅವರು ಸತ್ತ ಮೇಲೆ ಕತ್ತರಿಸಿ ನೋಡುತ್ತಿದ್ದರು. ಮಾಂಸ ಕರಗಿಯೂ ಬಿಗಿತ ಇದ್ದವರಲ್ಲಿ ಮುಂಭಾಗದ ಕೋಶಗಳು ನಶಿಸಿದ್ದವು, ಪಕ್ಕದ ದಾರಿಗಳೂ ಗಟ್ಟಿಗಟ್ಟಿದ್ದವು. 1874ರಲ್ಲಿ ಅವರು ಹೆಸರಿಟ್ಟ ಆ ರೋಗವೇ ಎಎಲ್‌ಎಸ್. ಎರಡೂ ಬಗೆಯ ಕೋಶಗಳನ್ನು ಒಟ್ಟಿಗೆ ತಿನ್ನುವ, ವಾಸಿಯಾಗದ ರೋಗ. ಅದರ ಮುಖ್ಯ ಗುರುತೆಂದರೆ ಕರಗಿದ ಅಂಗದಲ್ಲೇ ಚುರುಕಾದ ರಿಫ್ಲೆಕ್ಸ್. ಮಾಂಸ ಹೋದ ಕಡೆ ಉತ್ತರವೂ ಹೋಗಬೇಕಿತ್ತು. ಹೋಗದೆ ಜೋರಾಗಿದ್ದರೆ, ಅಲ್ಲೇ ಉಳಿದ ಕೆಲವು ಕೋಶಗಳ ಮೇಲಿನ ಹಿಡಿತವೂ ತಪ್ಪಿದೆ ಎಂದರ್ಥ.

ಹಾಗಾಗಿ ಪೇಂಟರ್‌ನ ತಲೆಯತ್ತ ಹೋಗಬೇಕು. ಬಾಯಿ ಅರೆ ತೆರೆಸಿ ಗದ್ದಕ್ಕೆ ತಟ್ಟಿದರೆ ಎಷ್ಟು ಜಿಗಿಯುತ್ತದೆ, ಬಾಯೊಳಗೆ ಸುಮ್ಮನೆ ಮಲಗಿರುವ ನಾಲಿಗೆ ಅದುರುತ್ತದೆಯೇ ಎಂದು ನೋಡಬೇಕು. ನಾಲಿಗೆಯನ್ನು ಹೊರಚಾಚಿದರೆ ಎಲ್ಲರದೂ ಕೊಂಚ ಅದುರುವುದರಿಂದ ಒಳಗಿದ್ದಾಗಲೇ ನೋಡಬೇಕು. ಗದ್ದ, ನಾಲಿಗೆಗಳ ನರಗಳು ಕುತ್ತಿಗೆಗಿಂತ ಮೇಲಿನವು. ಕುತ್ತಿಗೆಯ ಯಾವ ಒತ್ತಡವೂ ಅವುಗಳನ್ನು ಕೆಡಿಸಲಾರದು. ಇವನಲ್ಲಿ ಅವೆರಡೂ ಸಹಜವಾಗಿವೆ, ಹೆಬ್ಬೆರಳ ಕಡೆಯ ಮುಂಗೈಯಲ್ಲಿ ಸ್ಪರ್ಶವೂ ಸ್ವಲ್ಪ ಮಂಕಾಗಿದೆ. ಎಎಲ್‌ಎಸ್ ಸಾಮಾನ್ಯವಾಗಿ ಸ್ಪರ್ಶದ ಗೊಡವೆಗೆ ಹೋಗುವುದಿಲ್ಲ. ಇನ್ನು ಎಂಆರ್‌ಐ. ಅದನ್ನೇ ಮೊದಲು ತೆಗೆಸಬಾರದಿತ್ತೇ ಎಂದರೆ, ಈ ವಯಸ್ಸಿನಲ್ಲಿ ಯಾವ ತೊಂದರೆಯೂ ಇಲ್ಲದ ಎಷ್ಟೋ ಜನರ ಕುತ್ತಿಗೆಯ ಡಿಸ್ಕ್ ಉಬ್ಬಿರುತ್ತದೆ. ಚಿತ್ರದಲ್ಲಿ ಕಂಡ ಉಬ್ಬು ಅಪರಾಧಿಯೋ, ಸುಮ್ಮನೆ ಅಲ್ಲಿದ್ದದ್ದೋ ಎಂದು ಹೇಳಬಲ್ಲದ್ದು ಸುತ್ತಿಗೆ ತೋರಿಸಿದ ಗಡಿ. ಎರಡೂ ಒಂದೇ ಮಟ್ಟದಲ್ಲಿ ಕೂಡಿದರೆ ಶಸ್ತ್ರಚಿಕಿತ್ಸೆಯ ಮಾತು. ಎಎಲ್‌ಎಸ್ ಇದ್ದವರು ಉಬ್ಬಿದ ಡಿಸ್ಕ್‌ಗೆಂದು ಕುತ್ತಿಗೆ ಕೊಯ್ಯಿಸಿಕೊಂಡು, ಮತ್ತೂ ಕುಗ್ಗುತ್ತ ಹೋದದ್ದು ಅಪರೂಪವಲ್ಲ.

ಚಿಹ್ನೆ ಇಲ್ಲದಿರುವುದಕ್ಕೂ ಅಷ್ಟೇ ಬೆಲೆ. ಮುಖ್ಯವಾಗಿ ಹದಿಹರೆಯ ದಾಟಿದ ಹುಡುಗರಲ್ಲಿ ಒಂದೇ ಕೈಯೋ ಒಂದೇ ಕಾಲೋ ಕರಗುವ ಒಂದು ರೋಗವಿದೆ. ಜಪಾನಿನಲ್ಲಿ ಹಿರಾಯಾಮಾ 1959ರಲ್ಲಿ ಕೈಯದನ್ನು ವರ್ಣಿಸಿದರು; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ಕೈ ಅಥವಾ ಕಾಲು ಒಂದೇ ಅಂಗಕ್ಕೆ ಸೀಮಿತವಾದ ಇಂಥ ಸವೆತದ ಬಗ್ಗೆ ಬರೆದರು. ಇದು ಕೆಲವು ವರ್ಷ ಮುಂದುವರಿದು ಸಾಮಾನ್ಯವಾಗಿ ನಿಂತುಬಿಡುತ್ತದೆ. ಕರಗಿದ ಕೈ ನೋಡಿ ಎಎಲ್‌ಎಸ್ ಎಂದು ಹೆದರಿದ ಮನೆಯವರಿಗೆ, ಜಿಗಿಯದ ಮೊಣಕಾಲು ಮತ್ತು ಕೆಳಕ್ಕೇ ಬಾಗುವ ಹೆಬ್ಬೆರಳು ಕೊಡುವ ಧೈರ್ಯ ದೊಡ್ಡದು.

ಈ ಚಿಹ್ನೆಗಳೂ ದಾರಿ ತಪ್ಪಿಸುತ್ತವೆ. ಬೆನ್ನುಹುರಿಗೆ ಥಟ್ಟನೆ ಪೆಟ್ಟು ಬಿದ್ದ ಮೊದಲ ದಿನಗಳಲ್ಲಿ ಕಾಲು ಬಿಗಿಯಾಗುವುದಿಲ್ಲ. ಸಡಿಲವಾಗಿ, ಉತ್ತರವಿಲ್ಲದೆ ಬಿದ್ದಿರುತ್ತದೆ. ಕೆಳಗಿನ ಕೋಶಕ್ಕೆ ಬಿಡುಗಡೆ ಸಿಕ್ಕಿದ್ದು ಗೊತ್ತಾಗಲು ದಿನಗಳೋ ವಾರಗಳೋ ಬೇಕು. ಗಾಬರಿಗೊಂಡವರ, ಥೈರಾಯ್ಡ್ ಹೆಚ್ಚಾದವರ ರಿಫ್ಲೆಕ್ಸ್ ನರಮಂಡಲದ ರೋಗವಿಲ್ಲದೆಯೂ ಚುರುಕು. ಅದಕ್ಕೇ ಎಡಬಲಗಳನ್ನು, ಮೇಲುಕೆಳಗನ್ನು ಹೋಲಿಸಬೇಕೇ ಹೊರತು ಒಂದು ಜಿಗಿತವನ್ನು ನಂಬಬಾರದು. ನಮ್ಮ ಪೇಂಟರ್‌ಗೆ ಹಳೆಯ ಸಕ್ಕರೆ ಕಾಯಿಲೆ ಇದ್ದಿದ್ದರೆ ಪಾದದ ನರಗಳು ಮೊದಲೇ ಸವೆದು, ಹಿಮ್ಮಡಿಯ ರಿಫ್ಲೆಕ್ಸ್ ಜಿಗಿಯುವ ಬದಲು ಇಲ್ಲದೇ ಹೋಗಿರಬಹುದಿತ್ತು.

ಚಿಹ್ನೆಗಳು ಹೇಳುವುದು ಎಲ್ಲಿ ಎಂಬುದನ್ನು ಮಾತ್ರ. ಏನು ಎಂಬುದಕ್ಕೆ ವಯಸ್ಸು ಬೇಕು, ಎಷ್ಟು ಬೇಗ ಹಬ್ಬಿತು ಎಂಬ ಕಥೆ ಬೇಕು. ಪೇಂಟರ್‌ಗೆ ಶಸ್ತ್ರಚಿಕಿತ್ಸೆ ಮಾಡಿದರೂ ಅದರ ಮುಖ್ಯ ಲಾಭ ಇನ್ನಷ್ಟು ಕೆಡದಂತೆ ತಡೆಯುವುದು. ಕರಗಿದ ಭುಜ ಪೂರ್ತಿ ತುಂಬಿಕೊಳ್ಳದಿರಬಹುದು, ಕಾಲಿನ ಜಿಗಿತವೂ ಉಳಿಯಬಹುದು. ಅವನಿಗೆ ನೋವು ಕೊಟ್ಟದ್ದು ತೋಳು. ಆದರೆ ಅದು ಬರೀ ಬೇರಿನ ತೊಂದರೆಯಲ್ಲ, ಬೆನ್ನುಹುರಿಯದೇ ಎಂದು ಹೇಳಿದ್ದು ದೂರೇ ಇಲ್ಲದ ಕಾಲು. ಎಎಲ್‌ಎಸ್‌ನ ಭಯವನ್ನು ತಗ್ಗಿಸಿದ್ದು ಅವನು ಲೆಕ್ಕಕ್ಕೇ ತಾರದ ಗದ್ದ ಮತ್ತು ನಾಲಿಗೆ. ನೊಂದ ಅಂಗಕ್ಕೆ ಗೊತ್ತಿರುವುದು ತನಗೆ ಏನಾಯಿತು ಎಂಬುದಷ್ಟೇ. ಯಾಕಾಯಿತು ಎಂಬುದು ತಿಳಿಯಬೇಕಾದರೆ ನೋಯದ ಅಂಗಗಳನ್ನೂ ಸಾಲಾಗಿ ವಿಚಾರಿಸಲೇಬೇಕು.