ಬೆನ್ನ ಹಿಂದಿನ ಹೆಜ್ಜೆ

ಆ ಕನಸಲ್ಲಿ ನಾನು ಆಫೀಸಿನ ಫೈರ್ ಎಕ್ಸಿಟ್ ಮೆಟ್ಟಿಲು ಇಳೀತಾ ಇರ್ತೀನಿ. ನಮ್ಮ ಆಫೀಸು ಇರೋದು ಆರನೇ ಮಹಡಿಯಲ್ಲಿ, ಆದ್ರೆ ಕನಸಿನ ಮೆಟ್ಟಿಲು ಮುಗಿಯೋದೇ ಇಲ್ಲ. ಹಿಂದೆ ಯಾರೋ ಇಳಿದು ಬರ್ತಿರ್ತಾರೆ. ಅವರಿಗೆ ಅವಸರವೇನೂ ಇಲ್ಲ, ಒಂದೊಂದೇ ಮೆಟ್ಟಿಲು ಇಳೀತಾರೆ. ಓಡೋದು ನಾನು ಮಾತ್ರ. ತಿರುಗಿ ನೋಡಬಾರದು ಅಂತ ಯಾರೂ ಹೇಳಿರೋದಿಲ್ಲ, ಆದ್ರೂ ನಾನು ನೋಡೋದಿಲ್ಲ. ಆಮೇಲೆ ಕಾಲು ಗದ್ದೆ ಕೆಸರಲ್ಲಿ ಹೂತ ಹಾಗಾಗುತ್ತೆ, ಎಚ್ಚರ ಆಗುತ್ತೆ. ಗಡಿಯಾರ ನೋಡಿದ್ರೆ ಬೆಳಗಿನ ಜಾವ ನಾಲ್ಕೂವರೆ, ಐದು.

ಎರಡು ತಿಂಗಳಲ್ಲಿ ಇದು ಐದು ಸಲ ಬಿತ್ತು. ಫೋನಲ್ಲಿ ಅಮ್ಮನಿಗೆ ಹೇಳಿದೆ. ಹನುಮಂತನ ಗುಡಿಗೆ ಹೋಗಿ ಬಾ ಅಂತಾಳೆ ಅಂದ್ಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ: "ಯಾರ ಹತ್ರಾನಾದ್ರೂ ಸಾಲ ಗೀಲ ಮಾಡ್ಕೊಂಡಿದೀಯೇನೋ?" ನಾನು ನಕ್ಕು, ಇಲ್ಲಮ್ಮ ಅಂದೆ.

ಕನಸಿಗೆ ಅರ್ಥ ಹುಡುಕೋದರ ಬಗ್ಗೆ ನನಗೆ ಅನುಮಾನ ಜಾಸ್ತಿ. ಅಟ್ಟಿಸಿಕೊಂಡು ಬರೋ ಕನಸಂತೂ ಎಲ್ಲರ ಕನಸು. 2003ರಲ್ಲಿ ಕೆನಡಾದ ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ನೂರಕ್ಕೆ 80ಕ್ಕೂ ಹೆಚ್ಚು ಜನ ಈ ಕನಸು ತಮಗೆ ಬಿದ್ದಿದೆ ಅಂದಿದ್ದರು. ಇಷ್ಟು ಜನಕ್ಕೆ ಬೀಳೋ ಕನಸು ನನ್ನೊಬ್ಬನ ಗುಟ್ಟನ್ನೇ ಹೇಳುತ್ತೆ ಅಂತ ಹೇಗೆ ನಂಬೋದು? ಫಿನ್ಲೆಂಡಿನ ಆಂಟಿ ರೆವೊನ್ಸುವೊ ಅನ್ನೋ ವಿಜ್ಞಾನಿ 2000ದಲ್ಲಿ ಒಂದು ವಾದ ಮುಂದಿಟ್ಟರು: ಕಾಡಿನಲ್ಲಿದ್ದ ನಮ್ಮ ಪೂರ್ವಜರಿಗೆ ಅಪಾಯದಿಂದ ಪಾರಾಗೋ ತಾಲೀಮು ಬೇಕಿತ್ತು, ಕನಸು ಆ ತಾಲೀಮು. ಹಾಗಾದ್ರೆ ನನ್ನ ಮೆಟ್ಟಿಲ ಕನಸು ಹಳೇ ತಾಲೀಮಿನ ಉಳಿಕೆ ಅಷ್ಟೇ. ಕಾಲು ಹೂತ ಹಾಗಾಗೋದಕ್ಕೂ ಒಂದು ಸರಳ ವಿವರಣೆ ಕೊಡ್ತಾರೆ. ಕನಸು ದಟ್ಟವಾಗಿರೋ ನಿದ್ದೆಯ ಹಂತದಲ್ಲಿ ಕೈಕಾಲಿನ ಸ್ನಾಯುಗಳು ಸಡಿಲಬಿದ್ದಿರ್ತವೆ, ಓಡು ಅಂದ್ರೂ ಓಡಲ್ಲ. ಆ ಹಂತ ಬೆಳಗಿನ ಜಾವಕ್ಕೇ ಜಾಸ್ತಿ.

ನಮ್ಮ ಚರಕ ಸಂಹಿತೆ ಕನಸುಗಳನ್ನ ಏಳು ಬಗೆ ಮಾಡುತ್ತೆ. ನೋಡಿದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡಿದ್ದು ಅನ್ನೋ ಮೊದಲ ಐದಕ್ಕೆ ಯಾವ ಫಲವೂ ಇಲ್ಲ ಅಂತ ವೈದ್ಯನಿಗೆ ಹೇಳುತ್ತೆ. ಅಂದ್ರೆ ಅವು ಮುಂದೇನಾಗುತ್ತೆ ಅಂತ ಹೇಳೋದಿಲ್ಲ. ಈ ಮಾತು ನನಗೆ ಹಿಡಿಸ್ತು. ನಾಳೆ ಬಗ್ಗೆ ಏನೂ ಹೇಳದ ಕನಸು, ನಿನ್ನೆ ನಾನು ಏನು ಮಾಡ್ದೆ ಅಂತ ಹೇಳಬಹುದಲ್ಲ?

ಹಾಗಾಗಿ ಅರ್ಥ ಹುಡುಕೋದು ಬಿಟ್ಟು ದಿನಾಂಕ ಹುಡುಕಿದೆ. ಫೋನಿನ ಕ್ಯಾಲೆಂಡರ್ ತೆರೆದು, ಕನಸು ಬಿದ್ದ ಐದು ರಾತ್ರಿಗಳನ್ನ ನೆನಪಿನಿಂದ ಗುರುತು ಹಾಕಿದೆ. ನಾಲ್ಕು ಮಂಗಳವಾರ ರಾತ್ರಿ. ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ನಮ್ಮ ಟೀಮಿನ ಒಬ್ಬ ಹುಡುಗನ ಜೊತೆ ನನ್ನ ಒನ್ ಆನ್ ಒನ್ ಮೀಟಿಂಗ್ ಇರ್ತಿತ್ತು. ಐದನೆಯದು ಯಾವ ರಾತ್ರಿ ಅಂತ ಖಚಿತ ಇರಲಿಲ್ಲ.

ಇಷ್ಟಕ್ಕೇ ಸಿಕ್ಕಿತು ಅಂತ ಕುಣಿಯೋ ಹಾಗಿರಲಿಲ್ಲ. ನೆನಪು ತನಗೆ ಬೇಕಾದ್ದನ್ನೇ ಎತ್ತಿ ಕೊಡುತ್ತೆ. ಕನಸಿಲ್ಲದ ಮಂಗಳವಾರಗಳನ್ನ ನಾನು ಲೆಕ್ಕಕ್ಕೆ ತಗೊಂಡೇ ಇರಲಿಲ್ಲ. ನೋಡಿದ್ರೆ ಅಂಥವೂ ನಾಲ್ಕೈದು ಇದ್ದವು. ಆಗ ಆ ವಾರಗಳಲ್ಲಿ ಏನಾಗಿತ್ತು ಅಂತ ಹುಡುಕಿದೆ. ಒಂದು ವಾರ ಅವನು ರಜೆ. ಇನ್ನೆರಡು ಸಲ ಮಂಗಳವಾರ ಸಂಜೆಯೇ ನಾನು ಆ ಮೀಟಿಂಗನ್ನ ಮುಂದಕ್ಕೆ ಹಾಕಿದ್ದೆ. ಉಳಿದವಕ್ಕೆ ಕಾರಣ ಸಿಗಲಿಲ್ಲ. ಆದ್ರೆ ಮುಂದಕ್ಕೆ ಹಾಕಿದ ಆ ಎರಡು ರಾತ್ರಿ ನನಗೆ ಸೊಗಸಾದ ನಿದ್ದೆ ಬಂದಿತ್ತು. ಕನಸಿಗಿಂತ ಆ ನಿದ್ದೆಯೇ ನನ್ನನ್ನ ಜಾಸ್ತಿ ಹೆದರಿಸಿದ್ದು.

ಯಾಕೆ ಅಂತ ಹೇಳ್ತೀನಿ. ಕಷ್ಟದ ಕೆಲಸವನ್ನ ಮುಂದೂಡಿದ ಕ್ಷಣಕ್ಕೆ ಎದೆ ಹಗುರಾಗುತ್ತೆ. ಆ ಹಗುರವೇ ಬಹುಮಾನ. ಬಹುಮಾನ ಸಿಕ್ಕ ಕೆಲಸವನ್ನ ಮನಸ್ಸು ಮತ್ತೆ ಮಾಡುತ್ತೆ, ಹಾಗಾಗಿ ಮುಂದೂಡೋದು ಪ್ರತಿ ಸಲವೂ ಇನ್ನಷ್ಟು ಸುಲಭ ಆಗುತ್ತೆ. ಆ ಹುಡುಗನ ವಿಷಯದಲ್ಲಿ ನಾನು ಆರು ತಿಂಗಳು ಮಾಡಿದ್ದು ಇದನ್ನೇ. ಅವನ ಕೋಡ್ ಸರಿ ಇರ್ತಿರಲಿಲ್ಲ. ರಿವ್ಯೂನಲ್ಲಿ ಅದೇ ತಪ್ಪನ್ನ ಮೂರು ಸಲ ತೋರಿಸಿದ್ರೂ ನಾಲ್ಕನೇ ಸಲ ಅದು ಬರ್ತಿತ್ತು. ನಾನು ಶನಿವಾರ ರಾತ್ರಿ ಕೂತು ಅದನ್ನ ತಿದ್ದಿ ಬರೀತಿದ್ದೆ. ಆನ್ ಕಾಲ್ ಡ್ಯೂಟಿ ಪಟ್ಟಿಯಿಂದ ಅವನ ಹೆಸರನ್ನ ಸದ್ದಿಲ್ಲದೆ ತೆಗೆದಿದ್ದೆ. ಅವನ ಪಾಳಿಯ ರಾತ್ರಿಗಳನ್ನ ಟೀಮಿನ ಇನ್ನೊಬ್ಬಳು ಎದ್ದು ಕೂತು ಕಳೀತಿದ್ದಳು. ಹಿಂದಿನ ಅರ್ಧವಾರ್ಷಿಕ ರೇಟಿಂಗಿನಲ್ಲಿ ಅವನಿಗೆ "ನಿರೀಕ್ಷೆಯಂತಿದೆ" ಅಂತ ಹಾಕಿದ್ದೆ. ಅದು ಸುಳ್ಳು. "ಪಾಪ, ಒಳ್ಳೇ ಹುಡುಗ" ಅನ್ನೋದು ನನ್ನ ಸಮಜಾಯಿಷಿ.

ಈಗ ನನ್ನ ಮ್ಯಾನೇಜರ್ ತಿಂಗಳ ಕೊನೆಯೊಳಗೆ ಒಂದು ಉತ್ತರ ಕೇಳಿದ್ದರು. ಅವನನ್ನ 60 ದಿನದ ಪಿಐಪಿಗೆ ಹಾಕೋದಾ, ಅಂದ್ರೆ ಗುರಿಗಳನ್ನ ಬರೆದುಕೊಟ್ಟು ಸುಧಾರಿಸೋಕೆ ಕೊನೇ ಅವಕಾಶ ಕೊಡೋದಾ, ಅಥವಾ ಹೀಗೇ ಬಿಡೋದಾ. ಆಫೀಸಿನಲ್ಲಿ ಎಲ್ಲರಿಗೂ ಗೊತ್ತು, ಆ ಅವಕಾಶ ಸಿಕ್ಕವರಲ್ಲಿ ಬಹಳ ಜನ ಅಷ್ಟರೊಳಗೆ ಬೇರೆ ಕೆಲಸ ಹುಡುಕ್ಕೋತಾರೆ.

ಹೀಗೆ ಕನಸಿನ ಅರ್ಥ ತಾನೇ ಬಂದು ಕೂತಿತು: ನಾನು ಒಂದು ನಿರ್ಧಾರದಿಂದ ಓಡ್ತಿದೀನಿ. ಹಿಂದೆ ಬರೋರು ಯಾರು ಅಂತ ಗೊತ್ತಾಗದೇ ಇರೋದಕ್ಕೆ ನಿಗೂಢ ಕಾರಣ ಬೇಡ. ತಿರುಗಿ ನೋಡದವನಿಗೆ ಮುಖ ಕಾಣಲ್ಲ, ಅಷ್ಟೇ.

ಈ ಅರ್ಥದಲ್ಲಿ ಕೆಲವು ದಿನ ಹಾಯಾಗಿದ್ದೆ. ಇಬ್ಬರು ಸ್ನೇಹಿತರಿಗೆ ಹೇಳಿದೆ, "ಅಯ್ಯೋ ನಿಂಗೆ ಎಷ್ಟು ಸ್ಟ್ರೆಸ್" ಅಂದ್ರು. ಅಲ್ಲೇ ಏನೋ ತಪ್ಪಾಗ್ತಿದೆ ಅನ್ನಿಸ್ತು. ಕನಸಲ್ಲಿ ಅಪಾಯ ಇರೋದು ನನಗೆ. ಓಡೋನು ನಾನು, ಬೆವರೋನು ನಾನು, ಪಾಪದವನೂ ನಾನೇ. ಅದನ್ನ "ತಪ್ಪಿಸಿಕೊಳ್ಳೋ ಸ್ವಭಾವ" ಅಂತ ಅರ್ಥ ಮಾಡ್ಕೊಂಡಾಗಲೂ ಕಥೆ ನನ್ನ ಸುತ್ತಲೇ ಸುತ್ತುತ್ತೆ. ನನ್ನ ಭಯ, ನನ್ನ ನಿದ್ದೆ, ನನ್ನ ಮಂಗಳವಾರ. ನಾನು ಓಡ್ತಿರೋದಕ್ಕೆ ಬೆಲೆ ಕಟ್ತಿರೋದು ಬೇರೆಯವರು ಅನ್ನೋದು ಆ ಮೆಟ್ಟಿಲ ಮೇಲೆ ಎಲ್ಲೂ ಕಾಣಲ್ಲ.

ಅದು ಕಂಡಿದ್ದು ಕಾಫಿ ಮಷೀನಿನ ಹತ್ತಿರ. ಅವನು ಖುಷಿಯಾಗಿ ಹೇಳಿದ: "ಯಲಹಂಕದ ಕಡೆ ಒಂದು ಫ್ಲ್ಯಾಟ್ ನೋಡಿದೀವಿ. ಸೋಮವಾರ ಅಡ್ವಾನ್ಸ್ ಕೊಡಬೇಕು. ಬ್ಯಾಂಕಿನೋರು ಪೇ ಸ್ಲಿಪ್ ಕೇಳಿದಾರೆ." ಇಪ್ಪತ್ತು ವರ್ಷದ ಸಾಲ. ನನ್ನ ಆ "ನಿರೀಕ್ಷೆಯಂತಿದೆ" ಅನ್ನೋದನ್ನ ನಂಬಿ ಅವನು ಬ್ಯಾಂಕಿಗೆ ಹೊರಟಿದ್ದ. ಅಮ್ಮ ಕೇಳಿದ್ದು ಆಗ ತಲೆಗೆ ಹೋಯ್ತು. ಅವನಿಗೆ ಆರು ತಿಂಗಳ ಹಿಂದೆಯೇ ಕೊಡಬೇಕಿದ್ದ ಒಂದು ಮಾತನ್ನ ನಾನು ಕೊಟ್ಟಿರಲಿಲ್ಲ. ಸಾಲ ಮಾಡಿದ್ದೆ, ನಿಜ.

ಅದೇ ದಿನ, ಗುರುವಾರ ಮಧ್ಯಾಹ್ನ, ಸಣ್ಣ ಮೀಟಿಂಗ್ ರೂಮಿಗೆ ಕರೆದೆ. ಮೊದಲು ಹೊಗಳಿ, ಮಧ್ಯೆ ಕಹಿ ಇಟ್ಟು, ಕೊನೆಗೆ ಮತ್ತೆ ಹೊಗಳೋ ತರಬೇತಿ ನಮಗೆಲ್ಲ ಆಗಿದೆಯಲ್ಲ, ಅದನ್ನ ಬಿಟ್ಟೆ. ಮೂರು ಕೆಲಸಗಳನ್ನ ಹೆಸರಿಟ್ಟು ಹೇಳಿದೆ, ಎಲ್ಲೆಲ್ಲಿ ಏನು ತಪ್ಪಾಯ್ತು, ನಾನು ಏನನ್ನ ತಿದ್ದಿ ಬರೆದೆ ಅಂತ. ರೇಟಿಂಗು ತಪ್ಪು, ಆ ತಪ್ಪು ನನ್ನದು ಅಂದೆ. ಪಿಐಪಿ ಮಾತು ನಡೀತಿದೆ, ಸೋಮವಾರ ಅಡ್ವಾನ್ಸ್ ಕೊಡೋ ಮುಂಚೆ ಇದು ನಿನಗೆ ಗೊತ್ತಿರಬೇಕು ಅಂದೆ.

ಅವನು ತುಂಬಾ ಹೊತ್ತು ಮೇಜು ನೋಡ್ತಿದ್ದ. ಆಮೇಲೆ ಕೇಳಿದ: "ಆಗಲೇ ಯಾಕೆ ಹೇಳ್ಲಿಲ್ಲ ನೀವು? ಆಗ ಹೇಳಿದ್ರೆ ಕಲೀತಿದ್ದೆ."

ನನ್ನ ಹತ್ರ ಉತ್ತರ ಇರಲಿಲ್ಲ. "ನಿನ್ನ ಮನಸ್ಸಿಗೆ ನೋವಾಗಬಾರದು ಅಂತ" ಅನ್ನೋದು ನಾಲಿಗೆ ತುದಿಗೆ ಬಂದಿತ್ತು, ಹೇಳಲಿಲ್ಲ. ಅದು ಪೂರ್ತಿ ನಿಜ ಆಗಿರಲಿಲ್ಲ. ಅವನ ಮುಖ ಬಾಡೋದನ್ನ ನಾನು ನೋಡಬೇಕಾಗುತ್ತಲ್ಲ ಅನ್ನೋ ಭಯವೇ ಜಾಸ್ತಿ ಇತ್ತು. ಕರುಣೆ ಅಂತ ನಾನು ಕರೆದಿದ್ದರಲ್ಲಿ ಕರುಣೆ ಎಷ್ಟು, ಪುಕ್ಕಲುತನ ಎಷ್ಟು ಅಂತ ಅಳೆಯೋಕೆ ನನಗೀಗ ಒಂದೇ ಅಳತೆಗೋಲು ಗೊತ್ತು: ಆ ಮೌನದಿಂದ ಯಾರಿಗೆ ಚೆನ್ನಾಗಿ ನಿದ್ದೆ ಬಂತು?

ಪಿಐಪಿಗೇ ಹಾಕಿದೆ. ಮ್ಯಾನೇಜರ್ ಹತ್ರ ಹೋಗಿ ನನ್ನ ಹಳೇ ರೇಟಿಂಗಿನ ವಿಷಯ ಒಪ್ಪಿಕೊಂಡು, 60 ದಿನವನ್ನ 90 ಮಾಡಿಸಿದೆ. ವಾರಕ್ಕೆರಡು ಸಲ ಅವನ ಜೊತೆ ಕೂತು ರಿವ್ಯೂ ಮಾಡಿದೆ. ಅವನು ಫ್ಲ್ಯಾಟ್ ತಗೊಳ್ಳಲಿಲ್ಲ. 70ನೇ ದಿನ ಬೇರೆ ಕಂಪನಿಯ ಆಫರ್ ತಂದು ರಾಜೀನಾಮೆ ಕೊಟ್ಟ. ಹೋಗುವಾಗ ಕೈ ಕುಲುಕಿದ, ಹೆಚ್ಚು ಮಾತಾಡಲಿಲ್ಲ.

ಕನಸು ನಿಂತಿತಾ ಅಂತ ಕೇಳ್ತೀರಿ. ಬಹಳ ಕಮ್ಮಿಯಾಯ್ತು. ಆದ್ರೆ ಅದನ್ನ ನಾನು ಮಾಡಿದ್ದು ಸರಿ ಅನ್ನೋದಕ್ಕೆ ಸಾಕ್ಷಿಯಾಗಿ ತಗೊಳ್ಳಲ್ಲ. ಮೊದಲ ತಿಂಗಳೇ ಅವನನ್ನ ಎರಡು ಸಾಲಿನ ಮೇಲ್ ಕಳಿಸಿ ತೆಗೆದುಹಾಕಿದ್ರೂ ಕನಸು ನಿಲ್ತಿತ್ತೇನೋ. ನಿರ್ದಯಿಗಳೂ ಚೆನ್ನಾಗಿ ನಿದ್ದೆ ಮಾಡ್ತಾರೆ. ನಾನು ಓಡ್ತಿದೀನಿ ಅಂತ ಕನಸು ಹೇಳಬಹುದು. ನಿಂತ ಮೇಲೆ ಯಾವ ಕಡೆ ಹೋಗಬೇಕು ಅಂತ ಅದು ಹೇಳಲ್ಲ. ಅದಕ್ಕೆ ಎಚ್ಚರವಾಗಿ ಕೂತು, ಎದುರಿಗಿರೋರ ಮುಖ ನೋಡಿ ಯೋಚನೆ ಮಾಡಬೇಕು.

ಹೋದ ತಿಂಗಳು ಮತ್ತೊಂದು ಸಲ ಅದೇ ಮೆಟ್ಟಿಲು, ಅದೇ ಹೆಜ್ಜೆ. ಎದ್ದು ಕೂತು ಅರ್ಥ ಹುಡುಕಲಿಲ್ಲ. ಕ್ಯಾಲೆಂಡರ್ ತೆಗೆದು, ಮುಂದಕ್ಕೆ ಹಾಕಿದ ಮೀಟಿಂಗ್ ಯಾವುದಿದೆ ಅಂತ ನೋಡಿದೆ. ಒಂದಿತ್ತು. ಆನ್ ಕಾಲ್ ರಾತ್ರಿಗಳನ್ನೆಲ್ಲ ಹೊತ್ತಿದ್ದ ಆ ಹುಡುಗಿಯ ಜೊತೆ.